ಬುಲೆಟ್ ಸಾಲಿನಿಂದ ಮಾತಿಗೆ: ತ್ರೈಮಾಸಿಕ ಮಾರಾಟ ಮಂಡನೆಯಲ್ಲಿ ಸಂಬಂಧಸೂಚನೆ

ಸಾರಾಂಶ: ಬುಲೆಟ್ ಅಂಶಗಳಿಂದ ತುಂಬಿದ ಮಾರಾಟ ವರದಿಯ ಸ್ಲೈಡುಗಳನ್ನು ಆಡುಮಾತಿನ ಪಠ್ಯವಾಗಿಸುವಾಗ, ಸ್ಲೈಡುಗಳ ನಡುವೆ ಸಂಯೋಜಕ ಪದಗಳನ್ನು ಸೇರಿಸಿದರೆ ಸಾಕೆಂಬ ನಂಬಿಕೆ ರೂಢಿಯಲ್ಲಿದೆ. ಈ ನಂಬಿಕೆಯನ್ನು ಲೇಖನವು ಪ್ರಶ್ನಿಸುತ್ತದೆ. ಸ್ಲೈಡಿನಿಂದ ಸ್ಲೈಡಿಗೆ ದಾಟುವ ಮಾತು ಅಲಂಕಾರವಲ್ಲ, ಅದೊಂದು ಪ್ರತಿಪಾದನೆ. ಬುಲೆಟ್ ರೂಪವು ಹೇಳದೆ ಬಿಟ್ಟ ಕಾರಣ, ವಿರೋಧ, ಷರತ್ತುಗಳನ್ನು ಅದು ಹೇಳಲೇಬೇಕಾಗುತ್ತದೆ. ಕನ್ನಡದ ಅವ್ಯಯ ಕೃದಂತ, ಸೀಳುವಾಕ್ಯ ಮತ್ತು ‘ಅಂದರೆ’ ರಚನೆಗಳು ಈ ಕೆಲಸದಲ್ಲಿ ಹೇಗೆ ನೆರವಾಗುತ್ತವೆ, ಎಲ್ಲಿ ದಾರಿ ತಪ್ಪಿಸುತ್ತವೆ ಎಂಬುದನ್ನು ಒಂದು ನಿದರ್ಶನದ ಮೂಲಕ ಪರಿಶೀಲಿಸಲಾಗಿದೆ.

ಮುಖ್ಯಪದಗಳು: ಸಂಕಥನ, ಸಂಬಂಧಸೂಚನೆ, ಸೀಳುವಾಕ್ಯ, ಅವ್ಯಯ ಕೃದಂತ, ಆಡುಗನ್ನಡ

1. ಸಮಸ್ಯೆಯ ಸ್ವರೂಪ

ಕಚೇರಿಗಳ ತ್ರೈಮಾಸಿಕ ಸಭೆಯಲ್ಲಿ ಒಂದೇ ವಿಷಯಕ್ಕೆ ಎರಡು ಪಠ್ಯಗಳು ಏಕಕಾಲಕ್ಕೆ ಚಲಾವಣೆಯಲ್ಲಿರುತ್ತವೆ. ಒಂದನ್ನು ಪರದೆಯ ಮೇಲೆ ಕಣ್ಣು ಓದುತ್ತದೆ, ಇನ್ನೊಂದನ್ನು ಕಿವಿ ಕೇಳುತ್ತದೆ. ಮೊದಲನೆಯದರಲ್ಲಿ ಕ್ರಿಯಾಪದಗಳೇ ವಿರಳ. ‘ಒಟ್ಟು ಮಾರಾಟ: 12.6 ಕೋಟಿ’ ಎಂಬುದು ವಾಕ್ಯವಲ್ಲ, ತಲೆಬರಹ ಹೊತ್ತ ಸಂಖ್ಯೆ. ಅದನ್ನು ಮಾತಾಗಿಸುವ ಹೊಣೆ ಬಹಳ ಸಲ ಸ್ಲೈಡುಗಳನ್ನು ರಚಿಸದ ಇನ್ನೊಬ್ಬರ ಮೇಲೆ ಬೀಳುತ್ತದೆ. ಅವರಿಗೆ ಸಾಮಾನ್ಯವಾಗಿ ದೊರೆಯುವ ಸಲಹೆಯೂ ಸರಳವಾದುದು: ಪ್ರತಿ ಅಂಶವನ್ನು ಪೂರ್ಣ ವಾಕ್ಯವಾಗಿಸಿ, ಸ್ಲೈಡುಗಳ ನಡುವೆ ‘ಇನ್ನು’, ‘ಹಾಗೆಯೇ’, ‘ಮುಂದಿನದಾಗಿ’ ಎಂಬಂಥ ಪದಗಳನ್ನಿಟ್ಟು ಹೊಲಿಯಿರಿ.

ಬುಲೆಟ್ ರೂಪದ ವಿಮರ್ಶೆ ಹೊಸದಲ್ಲ. 1998ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಗಾರ್ಡನ್ ಶಾ, ರಾಬರ್ಟ್ ಬ್ರೌನ್ ಮತ್ತು ಫಿಲಿಪ್ ಬ್ರೊಮಿಲಿ ಅವರು, ಪಟ್ಟಿಯೊಂದು ಅನುಕ್ರಮ, ಆದ್ಯತೆ ಮತ್ತು ಗುಂಪಿನ ಸದಸ್ಯತ್ವ ಎಂಬ ಮೂರು ತಾರ್ಕಿಕ ಸಂಬಂಧಗಳನ್ನಷ್ಟೇ ತಿಳಿಸಬಲ್ಲದು ಎಂದು ವಾದಿಸಿದ್ದರು. ಎಡ್ವರ್ಡ್ ಟಫ್ಟಿ 2003ರ ತಮ್ಮ ಕಿರುಹೊತ್ತಗೆಯಲ್ಲಿ ಪವರ್‌ಪಾಯಿಂಟ್ ಕುರಿತ ಆಕ್ಷೇಪವನ್ನು ಕೊಲಂಬಿಯಾ ಬಾಹ್ಯಾಕಾಶ ನೌಕೆಯ ದುರಂತಕ್ಕೆ ಸಂಬಂಧಿಸಿದ ಸ್ಲೈಡಿನವರೆಗೂ ಕೊಂಡೊಯ್ದರು. ಇವರೆಲ್ಲರೂ ಸೂಚಿಸಿದ ಪರಿಹಾರ ಲಿಖಿತ ಗದ್ಯ. ಆದರೆ ಇಲ್ಲಿ ಎದುರಿರುವ ಪರಿಸ್ಥಿತಿ ಬೇರೆ. ಸ್ಲೈಡು ಪರದೆಯಿಂದ ಹೋಗುವುದಿಲ್ಲ. ಅದರ ಎದುರಿನಲ್ಲೇ ಮಾತು ನಡೆಯಬೇಕು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು: ಪಟ್ಟಿಯು ಹೇಳಲಾಗದ ಸಂಬಂಧವನ್ನು ಮಾತು ಎಲ್ಲಿಂದ ತರುತ್ತದೆ?

2. ನಿದರ್ಶನ

ವಿಶ್ಲೇಷಣೆಗೆಂದೇ ರಚಿಸಿಕೊಂಡ ನಾಲ್ಕು ಸ್ಲೈಡುಗಳನ್ನು ಕೆಳಗೆ ಕೊಡಲಾಗಿದೆ. ನೀರೆತ್ತುವ ಪಂಪ್‌ಸೆಟ್ ಮಾರುವ ಒಂದು ಕಲ್ಪಿತ ಸಂಸ್ಥೆಯ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರನೆಯ ತ್ರೈಮಾಸಿಕದ ಲೆಕ್ಕ ಇದು. ಮೊತ್ತಗಳೆಲ್ಲ ಕೋಟಿ ರೂಪಾಯಿಗಳಲ್ಲಿವೆ. ಶೇಕಡಾವಾರು ಹೋಲಿಕೆ ಕಳೆದ ವರ್ಷದ ಇದೇ ಅವಧಿಯೊಂದಿಗೆ.

ಸ್ಲೈಡ್ 1. ಮುಖ್ಯಾಂಶಗಳು
• ಒಟ್ಟು ಮಾರಾಟ: 12.6 (+5%)
• ಗುರಿ: 14.0
• ಹೊಸ ಡೀಲರುಗಳು: 14

ಸ್ಲೈಡ್ 2. ವಲಯವಾರು ಮಾರಾಟ
• ದಕ್ಷಿಣ: 6.6 (ಗುರಿ 6.6), +22%
• ಉತ್ತರ: 6.0 (ಗುರಿ 7.4), −9%

ಸ್ಲೈಡ್ 3. ಸವಾಲುಗಳು
• ನವೆಂಬರ್‌ನಲ್ಲಿ 3 ವಾರ ಉತ್ತರದ ಗೋದಾಮಿಗೆ ಸರಬರಾಜು ಸ್ಥಗಿತ
• ಪ್ರತಿಸ್ಪರ್ಧಿಯಿಂದ ಬೆಲೆ ಕಡಿತ
• ಡೀಲರುಗಳ ಬಾಕಿ: 1.1

ಸ್ಲೈಡ್ 4. ಮುಂದಿನ ಕ್ರಮಗಳು
• ಉತ್ತರದ ಗೋದಾಮಿನಲ್ಲಿ 6 ವಾರಗಳ ದಾಸ್ತಾನು
• ಸಾಲದ ಅವಧಿ: 60 ದಿನದಿಂದ 45 ದಿನಕ್ಕೆ
• ನಾಲ್ಕನೆಯ ತ್ರೈಮಾಸಿಕದ ಗುರಿ: 16.0

ರೂಢಿಯ ಸಲಹೆಯಂತೆ ಇದನ್ನು ಮಾತಾಗಿಸಿದರೆ ಎರಡನೆಯ ಮತ್ತು ಮೂರನೆಯ ಸ್ಲೈಡುಗಳ ನಡುವಿನ ಭಾಗ ಹೀಗಿರುತ್ತದೆ:

(1) ‘ಉತ್ತರ ವಲಯದಲ್ಲಿ ಆರು ಕೋಟಿ ಮಾರಾಟ ಆಗಿದೆ, ಒಂಬತ್ತು ಪರ್ಸೆಂಟ್ ಕಡಿಮೆ ಆಗಿದೆ. ಇನ್ನು ಮುಂದಿನ ಸ್ಲೈಡಿಗೆ ಬಂದ್ರೆ, ಸವಾಲುಗಳು. ನವೆಂಬರ್‌ನಲ್ಲಿ ಮೂರು ವಾರ ಸರಬರಾಜು ನಿಂತಿತ್ತು. ಹಾಗೆಯೇ ಪ್ರತಿಸ್ಪರ್ಧಿಗಳು ಬೆಲೆ ಇಳಿಸಿದ್ದಾರೆ. ಅದಲ್ಲದೆ ಒಂದು ಕೋಟಿ ಹತ್ತು ಲಕ್ಷ ಬಾಕಿ ಇದೆ.’

ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಆದರೂ ಇದು ಓದಿದಂತೆ ಕೇಳಿಸುತ್ತದೆಯೇ ಹೊರತು ಆಡಿದಂತೆ ಕೇಳಿಸುವುದಿಲ್ಲ. ಅದಕ್ಕೆ ಕಾರಣ ಪದಗಳ ಆಯ್ಕೆಯಲ್ಲಿಲ್ಲ. ‘ಇನ್ನು’, ‘ಹಾಗೆಯೇ’, ‘ಅದಲ್ಲದೆ’ ಎಂಬ ಮೂರೂ ಪದಗಳು ಮಾಡುವುದು ಸೇರ್ಪಡೆಯ ಕೆಲಸವನ್ನು ಮಾತ್ರ. ವಿಲಿಯಂ ಮ್ಯಾನ್ ಮತ್ತು ಸಾಂಡ್ರಾ ಥಾಂಪ್ಸನ್ 1988ರಲ್ಲಿ ಮಂಡಿಸಿದ ಸಂಕಥನ ರಚನೆಯ ಸಿದ್ಧಾಂತದಲ್ಲಿ ‘ಜಾಯಿಂಟ್’ ಎಂಬ ವರ್ಗವೊಂದಿದೆ. ಘಟಕಗಳು ಅಕ್ಕಪಕ್ಕದಲ್ಲಿವೆ, ಆದರೆ ಅವುಗಳ ನಡುವೆ ನಿರ್ದಿಷ್ಟ ಸಂಬಂಧ ಯಾವುದೂ ಇಲ್ಲ ಎಂಬುದೇ ಅದರ ಲಕ್ಷಣ. ಬುಲೆಟ್ ಚಿಹ್ನೆ ಈ ವರ್ಗದ ದೃಶ್ಯರೂಪ. ‘ಹಾಗೆಯೇ’ ಎಂಬುದು ಅದರ ಶ್ರಾವ್ಯರೂಪ. (1) ರಲ್ಲಿ ಬುಲೆಟ್ ಹೋಗಿಲ್ಲ, ಉಚ್ಚಾರವಾಗಿದೆ ಅಷ್ಟೆ.

3. ಮೂರು ಸವಾಲುಗಳು ಒಂದೇ ಜಾತಿಯವೇ?

‘ಸವಾಲುಗಳು’ ಎಂಬ ತಲೆಬರಹದಡಿ ಮೂರು ಅಂಶಗಳು ಸಮಾನವಾಗಿ ನಿಂತಿವೆ. ಕೇಳುಗರು ಮಾತ್ರ ಅವನ್ನು ಸಮಾನವಾಗಿ ಕೇಳುವುದಿಲ್ಲ. ಉತ್ತರದ ಕುಸಿತ ಆಗಷ್ಟೇ ಕಿವಿಗೆ ಬಿದ್ದಿರುವುದರಿಂದ ಮುಂದೆ ಬರುವ ಮೂರನ್ನೂ ಅದರ ಕಾರಣಗಳೆಂದೇ ಗ್ರಹಿಸುತ್ತಾರೆ. ಸೂಚಕ ಪದವಿಲ್ಲದಿದ್ದರೂ ಸಂಬಂಧ ಊಹೆಯಾಗುತ್ತದೆ ಎಂಬುದನ್ನು ಮ್ಯಾನ್ ಮತ್ತು ಥಾಂಪ್ಸನ್ ಅವರೇ ಒತ್ತಿ ಹೇಳಿದ್ದಾರೆ. ಹಾಗಾಗಿ ಮೌನವಾಗಿ ದಾಟುವುದೂ ಒಂದು ಹೇಳಿಕೆಯೇ ಆಗುತ್ತದೆ. ಆ ಹೇಳಿಕೆ ನಿಜವೇ ಎಂಬುದನ್ನು ಸ್ಲೈಡಿನಿಂದ ತಿಳಿಯಲಾಗದು. ಅದಕ್ಕೆ ತಿಂಗಳವಾರು ಲೆಕ್ಕ ಬೇಕು, ವಲಯದ ವ್ಯವಸ್ಥಾಪಕರನ್ನು ಕೇಳಬೇಕು.

ನಮ್ಮ ನಿದರ್ಶನದಲ್ಲಿ ಕೇಳಿದಾಗ ದೊರೆತ ಉತ್ತರ ಹೀಗಿದೆ ಎಂದಿಟ್ಟುಕೊಳ್ಳೋಣ. ಉತ್ತರದಲ್ಲಿ ಕಳೆದ ವರ್ಷ ಮೂರು ತಿಂಗಳೂ ತಲಾ 2.2 ಕೋಟಿ ಮಾರಾಟವಾಗಿತ್ತು. ಈ ವರ್ಷ ಅಕ್ಟೋಬರ್‌ನಲ್ಲಿ 2.2, ನವೆಂಬರ್‌ನಲ್ಲಿ 1.4, ಡಿಸೆಂಬರ್‌ನಲ್ಲಿ 2.4. ಪ್ರತಿಸ್ಪರ್ಧಿ ಬೆಲೆ ಇಳಿಸಿದ್ದು ಡಿಸೆಂಬರ್ ಮಧ್ಯದಲ್ಲಿ. ಬಾಕಿಯ 1.1 ಕೋಟಿಯಲ್ಲಿ 90 ಲಕ್ಷ ಬರಬೇಕಾದುದು ದಕ್ಷಿಣದಲ್ಲಿ ಸೇರಿಸಿಕೊಂಡ ಹೊಸ ಡೀಲರುಗಳಿಂದ.

ಇಷ್ಟು ತಿಳಿದ ಕೂಡಲೇ ಪಟ್ಟಿ ಒಡೆದುಹೋಗುತ್ತದೆ. ಸರಬರಾಜಿನ ಸ್ಥಗಿತ ಮಾತ್ರ ಉತ್ತರದ ಕುಸಿತಕ್ಕೆ ಕಾರಣ. ಕುಸಿತ ಕಂಡುಬಂದದ್ದು ಅದೇ ತಿಂಗಳಿನಲ್ಲಿ. ಬೆಲೆ ಕಡಿತವು ನವೆಂಬರ್‌ನ ಕುಸಿತಕ್ಕೆ ಕಾರಣವಾಗಲಾರದು, ಏಕೆಂದರೆ ಅದು ಆಮೇಲಿನ ಘಟನೆ. ಅದು ಮುಂದಿನ ತ್ರೈಮಾಸಿಕದ ಅಪಾಯ. ಬಾಕಿಯಂತೂ ಉತ್ತರಕ್ಕೆ ಸೇರಿದ್ದೇ ಅಲ್ಲ. ಅದು ಮೊದಲ ಸ್ಲೈಡಿನ ಹೊಸ ಡೀಲರುಗಳಿಗೂ ಎರಡನೆಯ ಸ್ಲೈಡಿನ ದಕ್ಷಿಣದ ಏರಿಕೆಗೂ ಕೊಂಡಿಯಾಗಿರುವ ಸಂಗತಿ. ದಕ್ಷಿಣದಲ್ಲಿ ಹೆಚ್ಚಿದ ಮಾರಾಟ 1.2 ಕೋಟಿ, ಹೊಸ ಡೀಲರುಗಳಿಂದ ಇನ್ನೂ ಕೈಸೇರದ ಹಣ 90 ಲಕ್ಷ. ಇದು ಸವಾಲು ಎನ್ನುವುದಕ್ಕಿಂತ ಯಶಸ್ಸಿಗೆ ತೆತ್ತ ಬೆಲೆ ಎನ್ನುವುದು ಸರಿ. ಸ್ಲೈಡುಗಳು ಸಂಗತಿಗಳನ್ನು ‘ಒಳ್ಳೆಯದು’, ‘ಕೆಟ್ಟದ್ದು’ ಎಂಬ ಮೌಲ್ಯದ ಮೇಲೆ ವರ್ಗೀಕರಿಸಿವೆ. ಮಾತು ಅವನ್ನು ಕಾರ್ಯಕಾರಣದ ಮೇಲೆ ಜೋಡಿಸಬೇಕಾಗಿದೆ. ಈ ಎರಡು ಜೋಡಣೆಗಳು ಕೂಡದಿರುವ ಜಾಗದಲ್ಲೇ ಮಾತು ತೊಡರುತ್ತದೆ. ಅಲ್ಲಿ ಎಷ್ಟು ಸಂಯೋಜಕ ಪದಗಳನ್ನು ತುಂಬಿದರೂ ತೊಡರು ಹೋಗುವುದಿಲ್ಲ.

4. ಕೃದಂತದ ಜಾಣ್ಮೆ, ಸೀಳುವಾಕ್ಯದ ಪರೀಕ್ಷೆ

ಕನ್ನಡದಲ್ಲಿ ಸಂಬಂಧವನ್ನು ಸೂಚಿಸಿಯೂ ಸೂಚಿಸದಂತಿರಲು ಒಂದು ಸುಲಭದ ದಾರಿ ಇದೆ. ಅದು ಭೂತಕಾಲದ ಅವ್ಯಯ ಕೃದಂತ.

(2) ಸರಬರಾಜು ನಿಂತು ಮಾರಾಟ ಇಳಿಯಿತು.
(3) ಸರಬರಾಜು ನಿಂತದ್ದರಿಂದ ಮಾರಾಟ ಇಳಿಯಿತು.

ಅವ್ಯಯ ಕೃದಂತಕ್ಕೂ ಪೂರ್ಣಕ್ರಿಯೆಗೂ ಸಾಮಾನ್ಯವಾಗಿ ಒಬ್ಬನೇ ಕರ್ತೃ ಇರಬೇಕು. ‘ರಾಮ ಬಂದು ಸೀತೆ ಹೋದಳು’ ಎಂಬುದು ನಮಗೆ ಒಪ್ಪಿತವಾಗುವುದಿಲ್ಲ. ಆದರೆ ‘ಮಳೆ ಬಂದು ಕೆರೆ ತುಂಬಿತು’ ಎಂಬಲ್ಲಿರುವಂತೆ, ಕರ್ತೃಗಳು ಅಚೇತನವಾಗಿದ್ದು ಮೊದಲ ಘಟನೆಯಿಂದ ಎರಡನೆಯದು ಸಹಜವಾಗಿ ಒದಗಿದಾಗ ಈ ನಿಯಮ ಸಡಿಲಗೊಳ್ಳುತ್ತದೆ. ಮಾರಾಟ ವರದಿಯ ಕರ್ತೃಗಳು ಬಹುಪಾಲು ಅಚೇತನಗಳೇ: ಮಾರಾಟ, ಬೆಲೆ, ದಾಸ್ತಾನು, ಬೇಡಿಕೆ. ಹಾಗಾಗಿ (2) ರ ರಚನೆ ಇಲ್ಲಿ ಧಾರಾಳವಾಗಿ ಸಾಧ್ಯ, ಕಿವಿಗೂ ಹಿತ. ಅದರ ಅಪಾಯವೂ ಅಲ್ಲೇ ಇದೆ. (3) ಕಾರಣವನ್ನು ಪ್ರತ್ಯಯದ ಮೂಲಕ ಬಹಿರಂಗವಾಗಿ ಹೇಳುತ್ತದೆ. (2) ಕಾರಣವನ್ನು ಕೇಳುಗರ ಊಹೆಗೆ ಬಿಟ್ಟು, ಪ್ರಶ್ನೆ ಬಂದಾಗ ‘ಒಂದಾದ ಮೇಲೆ ಒಂದು ಆಯಿತು ಎಂದೆನಷ್ಟೆ’ ಎಂದು ಹಿಂದೆ ಸರಿಯಲು ಆಡುವವರಿಗೆ ಅವಕಾಶ ಕೊಡುತ್ತದೆ. ‘ಬೆಲೆ ಇಳಿದು ಮಾರಾಟ ಕುಸಿಯಿತು’ ಎಂದು ಬರೆದವರು ಅನುಕ್ರಮವನ್ನೂ ತಪ್ಪಾಗಿ ಹೇಳಿದಂತಾಯಿತು, ಇಲ್ಲದ ಕಾರಣವನ್ನೂ ಹೇಳಿದಂತಾಯಿತು. ಆದರೂ ವಾಕ್ಯದ ಓಟದಲ್ಲಿ ಅದು ಗಮನಕ್ಕೇ ಬರುವುದಿಲ್ಲ.

ಇದನ್ನು ಪತ್ತೆ ಮಾಡಲು ಸೀಳುವಾಕ್ಯ ಉಪಯುಕ್ತ. ಪೂರ್ಣಕ್ರಿಯೆಯನ್ನು ನಾಮರೂಪಕ್ಕೆ ತಂದು ಮುಂದಿಟ್ಟು, ಉಳಿದುದನ್ನು ಒತ್ತಿನ ಸ್ಥಾನಕ್ಕೆ ತಳ್ಳಬೇಕು.

(4) ಮಾರಾಟ ಇಳಿದದ್ದು ಸರಬರಾಜು ನಿಂತು.
(5) ಮಾರಾಟ ಇಳಿದದ್ದು ಪ್ರತಿಸ್ಪರ್ಧಿಯ ಬೆಲೆ ಇಳಿದು.

ಕರ್ತೃಗಳು ಬೇರೆಯಾಗಿರುವ ಇಂಥ ವಾಕ್ಯಗಳಲ್ಲಿ ಸೀಳಿದ ಮೇಲೆ ಕೇವಲ ಅನುಕ್ರಮದ ಅರ್ಥ ಉಳಿಯುವುದಿಲ್ಲ. ‘ಕೆರೆ ತುಂಬಿದ್ದು ಮಳೆ ಬಂದು’ ಎಂಬುದಕ್ಕೆ ಕಾರಣದ ಅರ್ಥವೊಂದೇ. ಪಠ್ಯ ಸಿದ್ಧಪಡಿಸುವವರು ಮಂಡಿಸುವವರನ್ನು ಕೇಳಬೇಕಾದುದು ಇಷ್ಟೆ: (4) ನ್ನು ನೀವು ಸಭೆಯಲ್ಲಿ ಹೇಳಬಲ್ಲಿರಾ? (5) ನ್ನು ಹೇಳಬಲ್ಲಿರಾ? (4) ನ್ನು ಹೇಳಲು ಅವರು ಹಿಂಜರಿಯುವುದಿಲ್ಲ. (5) ನ್ನು ಹೇಳುವಾಗ ತಡೆದರೆ, ಮೂಲ ಪಠ್ಯದಲ್ಲಿದ್ದ ಕೃದಂತವನ್ನು ತೆಗೆದು ಎರಡು ಬಿಡಿ ವಾಕ್ಯಗಳನ್ನಾಗಿ ಮಾಡಬೇಕು. ಕರ್ತೃ ಒಂದೇ ಆಗಿರುವ ಕಡೆ ಈ ಪರೀಕ್ಷೆ ನಡೆಯದು. ‘ಅವರು ಹೊರಟದ್ದು ಊಟ ಮಾಡಿ’ ಎಂಬುದರಲ್ಲಿ ಅನುಕ್ರಮವೇ ಒತ್ತು ಪಡೆಯುತ್ತದೆ. ಮಾರಾಟ ವರದಿಯಲ್ಲಿ ಅಂಥ ವಾಕ್ಯಗಳು ‘ನಾವು’ ಎಂದು ಆರಂಭವಾಗುವ ಭಾಗಗಳಿಗೆ, ಅಂದರೆ ಮುಂದಿನ ಕ್ರಮಗಳಿಗೆ, ಹೆಚ್ಚಾಗಿ ಸೀಮಿತ.

5. ‘ಅಂದರೆ’ ಮತ್ತು ಸ್ಲೈಡಿನ ತಿರುವು

ಸೀಳುವಾಕ್ಯಕ್ಕೆ ಇನ್ನೊಂದು ಉಪಯೋಗವಿದೆ. ದಾಟುವಿಕೆಯ ನಿಜವಾದ ಸಾಧನ ಅದೇ. ಆಡುಗನ್ನಡದಲ್ಲಿ ಹಿಂದಿನ ವಾಕ್ಯದ ಕ್ರಿಯೆಯನ್ನು ನಾಮರೂಪದಲ್ಲಿ ಎತ್ತಿಕೊಂಡು, ಪ್ರಶ್ನಪದ ಮತ್ತು ‘ಅಂದರೆ’ಯನ್ನು ಸೇರಿಸಿ, ಉತ್ತರವನ್ನು ಆಡುವವರೇ ಕೊಡುವ ರೂಢಿ ಬಹಳ ವ್ಯಾಪಕ: ‘ಕಡಿಮೆ ಬಿದ್ದಿದೆ. ಬಿದ್ದಿರೋದು ಎಲ್ಲಿ ಅಂದ್ರೆ, ಉತ್ತರದಲ್ಲಿ.’ ಇಲ್ಲಿ ‘ಬಿದ್ದಿರೋದು’ ಈಗಾಗಲೇ ತಿಳಿದ ಸಂಗತಿ, ‘ಎಲ್ಲಿ’ ತೆರೆದ ಪ್ರಶ್ನೆ, ‘ಉತ್ತರದಲ್ಲಿ’ ಎಂಬುದು ಹೊಸದು. ಒಂದು ಸ್ವರಘಟಕದಲ್ಲಿ ಒಂದೇ ಹೊಸ ವಿಚಾರ ಇರುತ್ತದೆಂದು ವ್ಯಾಲೇಸ್ ಚೇಫ್ 1994ರಲ್ಲಿ ಮಂಡಿಸಿದ ಮಿತಿಗೆ ಈ ರಚನೆ ಚೆನ್ನಾಗಿ ಹೊಂದುತ್ತದೆ. ಸ್ಲೈಡಿನ ಒಂದು ಸಾಲಿನಲ್ಲಿ ವಲಯ, ಮೊತ್ತ, ಗುರಿ, ಶೇಕಡಾ ಎಂಬ ನಾಲ್ಕು ಹೊಸ ಸಂಗತಿಗಳಿವೆ. ಕಣ್ಣು ಅವನ್ನು ಹಿಂದೆ ಮುಂದೆ ಓಡಾಡಿ ಓದಿಕೊಳ್ಳುತ್ತದೆ. ಕಿವಿಗೆ ಆ ಅನುಕೂಲವಿಲ್ಲ.

ಈ ರಚನೆ ಸ್ಲೈಡು ಬದಲಿಸುವ ಕ್ಷಣವನ್ನೂ ತೋರಿಸಿಕೊಡುತ್ತದೆ. ‘ಅಂದ್ರೆ’ಯ ನಂತರ ಸಹಜವಾಗಿ ಒಂದು ನಿಲುಗಡೆ ಬರುತ್ತದೆ. ಹೊಸ ಸ್ಲೈಡು ಮೂಡಬೇಕಾದುದು ಆಗ. ಅದಕ್ಕಿಂತ ಮೊದಲು ಮೂಡಿದರೆ ಕೇಳುಗರು ಉತ್ತರವನ್ನು ಓದಿ ಮುಗಿಸಿರುತ್ತಾರೆ, ಪ್ರಶ್ನೆ ನಾಟಕವಾಗುತ್ತದೆ. ತಡವಾಗಿ ಮೂಡಿದರೆ ಹಳೆಯ ಸ್ಲೈಡಿನ ಅಂಕಿಗಳು ಹೊಸ ಉತ್ತರದೊಡನೆ ಪೈಪೋಟಿಗಿಳಿಯುತ್ತವೆ.

ಆದರೆ ಎಲ್ಲ ತಿರುವಿನಲ್ಲೂ ‘ಯಾಕೆ ಅಂದ್ರೆ’, ‘ಏನು ಅಂದ್ರೆ’ ಎಂದು ಬರೆದರೆ ಅದು ಚಾಳಿಯಾಗುತ್ತದೆ. ಮಾತು ತರಗತಿಯ ಪಾಠದಂತಾಗುತ್ತದೆ. ಇದಕ್ಕಿಂತ ಗಂಭೀರವಾದ ತಪ್ಪು, ಕೇಳುಗರಲ್ಲಿ ಹುಟ್ಟದ ಪ್ರಶ್ನೆಯನ್ನು ಅವರ ಪರವಾಗಿ ಕೇಳುವುದು. ‘ಮಾರಾಟ ಹನ್ನೆರಡು ಕೋಟಿ ಅರವತ್ತು ಲಕ್ಷ, ಗುರಿ ಹದಿನಾಲ್ಕು ಕೋಟಿ’ ಎಂದು ಕೇಳಿದವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ‘ವಲಯವಾರು ಹೇಗಿದೆ?’ ಎಂಬುದಲ್ಲ, ‘ಕೊರತೆ ಎಲ್ಲಿಯದು?’ ಎಂಬುದು. ಎರಡಕ್ಕೂ ಉತ್ತರ ಅದೇ ಸ್ಲೈಡಿನಲ್ಲಿದೆ. ಆದರೆ ಎರಡನೆಯ ಪ್ರಶ್ನೆಯಿಂದ ಹೊರಟರೆ ಉತ್ತರ ವಲಯ ಮೊದಲು ಬರುತ್ತದೆ, ದಕ್ಷಿಣ ಆಮೇಲೆ. ಸ್ಲೈಡಿನ ಕ್ರಮಕ್ಕೆ ಇದು ವಿರುದ್ಧ. ಮಾತಿಗೆ ಇದೇ ಕ್ರಮ.

6. ಮರುರಚಿತ ಪಠ್ಯ

ಮೇಲಿನ ವಿಚಾರಣೆಯ ಫಲವಾಗಿ ನಾಲ್ಕು ಸ್ಲೈಡುಗಳ ಮಾತು ಹೀಗೆ ರೂಪುಗೊಳ್ಳುತ್ತದೆ. ಚೌಕ ಆವರಣದಲ್ಲಿರುವುದು ಸ್ಲೈಡು ಬದಲಿಸುವ ಸೂಚನೆ.

(6) ‘ಈ ಮೂರು ತಿಂಗಳಲ್ಲಿ ಹನ್ನೆರಡು ಕೋಟಿ ಅರವತ್ತು ಲಕ್ಷದ ಮಾರಾಟ ಆಗಿದೆ. ಹೋದ ವರ್ಷ ಇದೇ ಮೂರು ತಿಂಗಳಲ್ಲಿ ಆಗಿದ್ದಕ್ಕಿಂತ ಅರವತ್ತು ಲಕ್ಷ ಜಾಸ್ತಿ. ಆದ್ರೆ ನಾವು ಇಟ್ಕೊಂಡಿದ್ದ ಗುರಿ ಹದಿನಾಲ್ಕು ಕೋಟಿ. ಒಂದು ಕೋಟಿ ನಲವತ್ತು ಲಕ್ಷ ಕಡಿಮೆ ಬಿದ್ದಿದೆ. ಬಿದ್ದಿರೋದು ಎಲ್ಲಿ ಅಂದ್ರೆ, [ಸ್ಲೈಡ್ 2] ಪೂರ್ತಿ ಉತ್ತರದಲ್ಲಿ. ದಕ್ಷಿಣ ತನ್ನ ಗುರಿ ಮುಟ್ಟಿದೆ. ಉತ್ತರ ಮಾತ್ರ ಹೋದ ವರ್ಷದಷ್ಟೂ ಮಾಡಿಲ್ಲ. ಮಾಡದೆ ಇದ್ದದ್ದಕ್ಕೆ ಕಾರಣ ಒಂದು ತಿಂಗಳಿನದು. [ಸ್ಲೈಡ್ 3] ನವೆಂಬರ್‌ನಲ್ಲಿ ಮೂರು ವಾರ ಅಲ್ಲಿನ ಗೋದಾಮಿಗೆ ಸರಕು ಬರಲಿಲ್ಲ. ಆ ತಿಂಗಳು ಎಂಬತ್ತು ಲಕ್ಷ ಕಡಿಮೆ ಆಯ್ತು. ಹಾಗಂತ ಸರಕು ಬಂದಿದ್ರೆ ಗುರಿ ಮುಟ್ತಿದ್ವಿ ಅಂತಲ್ಲ. ಆಗಲೂ ಅರವತ್ತು ಲಕ್ಷ ಕಡಿಮೆ ಇರ್ತಿತ್ತು. ಅಕ್ಟೋಬರ್‌ನಲ್ಲೇ ಉತ್ತರ ಬೆಳೆದಿರಲಿಲ್ಲ. ಈ ಬೆಲೆ ಕಡಿತ ಇದೆಯಲ್ಲ, ಅದು ಬಂದದ್ದು ಡಿಸೆಂಬರ್ ಮಧ್ಯದಲ್ಲಿ. ಅದರ ಪೆಟ್ಟು ಬಿದ್ದರೆ ಮುಂದಿನ ಮೂರು ತಿಂಗಳಲ್ಲಿ. ಕೊನೇದು ಬಾಕಿ. ಇದು ಉತ್ತರದ ಕಥೆ ಅಲ್ಲ, ದಕ್ಷಿಣದ್ದು. ಅಲ್ಲಿ ಮಾರಾಟ ಒಂದು ಕೋಟಿ ಇಪ್ಪತ್ತು ಲಕ್ಷ ಹೆಚ್ಚಿದೆ. ಹೊಸ ಡೀಲರುಗಳಿಂದ ತೊಂಬತ್ತು ಲಕ್ಷ ಇನ್ನೂ ಬಂದಿಲ್ಲ. [ಸ್ಲೈಡ್ 4] ಹಾಗಾಗಿ ಎರಡು ಕೆಲಸ. ಉತ್ತರದಲ್ಲಿ ಆರು ವಾರದ ಸರಕು ಯಾವಾಗಲೂ ಇರೋ ಹಾಗೆ ನೋಡ್ಕೋತೀವಿ. ದಕ್ಷಿಣದಲ್ಲಿ ಸಾಲದ ಅವಧಿ ನಲವತ್ತೈದು ದಿನಕ್ಕೆ ಇಳಿಸ್ತೀವಿ. ಇಳಿಸಿದ್ರೆ ಹೊಸ ಡೀಲರುಗಳ ಖರೀದಿ ಸ್ವಲ್ಪ ತಗ್ಗಬಹುದು. ಅದು ಗೊತ್ತಿದ್ದೂ ಹದಿನಾರು ಕೋಟಿ ಗುರಿ ಇಟ್ಟಿದ್ದೀವಿ.’

‘ಮುಂದಿನ ಸ್ಲೈಡಿನಲ್ಲಿ’ ಎಂಬ ಮಾತು ಎಲ್ಲಿಯೂ ಬಂದಿಲ್ಲ. ಮೂರು ತಿರುವುಗಳಲ್ಲಿ ‘ಅಂದ್ರೆ’ ಒಮ್ಮೆ ಮಾತ್ರ ಬಂದಿದೆ. ಎರಡನೆಯದರಲ್ಲಿ ಹಿಂದಿನ ಕ್ರಿಯೆಯನ್ನು ‘ಮಾಡದೆ ಇದ್ದದ್ದಕ್ಕೆ’ ಎಂದು ಎತ್ತಿಕೊಳ್ಳಲಾಗಿದೆ. ಮೂರನೆಯದರಲ್ಲಿ ‘ಹಾಗಾಗಿ’ ಇದೆ. (1) ರ ‘ಹಾಗೆಯೇ’ಗಿಂತ ಈ ‘ಹಾಗಾಗಿ’ ಭಿನ್ನ. ದಾಸ್ತಾನಿನ ಕ್ರಮಕ್ಕೂ ಸಾಲದ ಕ್ರಮಕ್ಕೂ ಆಧಾರ ಹಿಂದೆಯೇ ಬಂದಿರುವುದರಿಂದ ಅದು ತನ್ನ ಅರ್ಥವನ್ನು ಸಾಲ ತಂದಿಲ್ಲ.

‘+5%’ ಎಂಬುದರಲ್ಲಿ ಯಾವುದಕ್ಕೆ ಹೋಲಿಸಿದ್ದು ಎಂಬುದು ಕಾಣದು. ಮಾತಿನಲ್ಲಿ ‘ಜಾಸ್ತಿ’ ಎಂದಾಗ ‘ಗಿಂತ’ ತಾನಾಗಿ ಬೇಡಿಕೆಯಿಡುತ್ತದೆ, ಹೋಲಿಕೆಯ ಆಧಾರ ಹೊರಬರುತ್ತದೆ. ಪಂಪ್‌ಸೆಟ್ಟಿನಂತೆ ಋತುವನ್ನವಲಂಬಿಸಿದ ಸರಕಿನಲ್ಲಿ ಹಿಂದಿನ ತ್ರೈಮಾಸಿಕಕ್ಕೆ ಹೋಲಿಸುವುದಕ್ಕೂ ಕಳೆದ ವರ್ಷದ ಅದೇ ತ್ರೈಮಾಸಿಕಕ್ಕೆ ಹೋಲಿಸುವುದಕ್ಕೂ ಅಜಗಜಾಂತರವಿದೆ.

ವಿಮರ್ಶೆಯ ದೃಷ್ಟಿಯಿಂದ ಮುಖ್ಯವಾದವು ಎರಡು ವಾಕ್ಯಗಳು. ‘ಸರಕು ಬಂದಿದ್ರೆ ಗುರಿ ಮುಟ್ತಿದ್ವಿ ಅಂತಲ್ಲ’ ಎಂಬುದು ಸ್ಲೈಡಿನಲ್ಲಿ ಇಲ್ಲ. ಕಳೆದ ವರ್ಷದ ನವೆಂಬರನ್ನು ಅಳತೆಯಾಗಿಟ್ಟುಕೊಂಡರೆ ಸ್ಥಗಿತದಿಂದಾದ ನಷ್ಟ ಹೆಚ್ಚೆಂದರೆ 80 ಲಕ್ಷ, ಕೊರತೆ 1.4 ಕೋಟಿ. ಬುಲೆಟ್ ಪಟ್ಟಿಯು ಈ ಅಂತರವನ್ನು ಸರಬರಾಜಿನ ಲೆಕ್ಕಕ್ಕೆ ಸದ್ದಿಲ್ಲದೆ ಹಾಕಿಬಿಡುತ್ತದೆ. ‘ಅದು ಗೊತ್ತಿದ್ದೂ’ ಎಂಬುದೂ ಹಾಗೆಯೇ ಸ್ಲೈಡಿನ ಹೊರಗಿನದು. ಸಾಲದ ಅವಧಿಯ ಕಡಿತಕ್ಕೂ ಏರಿಸಿದ ಗುರಿಗೂ ಇರುವ ತಿಕ್ಕಾಟವನ್ನು ‘ಊ’ ಪ್ರತ್ಯಯವೊಂದು ಬಯಲಿಗೆ ತರುತ್ತದೆ. ಈ ವಾಕ್ಯಗಳನ್ನು ಆಡಲು ಮಂಡಿಸುವವರು ಒಪ್ಪದಿರಬಹುದು. ಒಪ್ಪದಿದ್ದರೆ ಪಠ್ಯಕಾರರು ಆ ವಾಕ್ಯವನ್ನು ತೆಗೆಯಬಹುದು. ಆದರೆ ಅದರ ಜಾಗದಲ್ಲಿ ‘ಹಾಗೆಯೇ’ ಇಟ್ಟು ಸಂಬಂಧವಿದ್ದಂತೆ ತೋರಿಸಲಾಗದು.

7. ಮಿತಿಗಳು

ಈ ವಿಶ್ಲೇಷಣೆ ಅಡೆತಡೆಯಿಲ್ಲದೆ ಸಾಗುವ ಮಾತನ್ನು ಆಧರಿಸಿದೆ. ಕೇಳುಗರು ನಡುವೆ ಬಾಯಿ ಹಾಕಿ ‘ದಕ್ಷಿಣದ್ದು ಮೊದಲು ಹೇಳಿ’ ಎಂದರೆ (6) ರ ಸರಪಳಿ ತುಂಡಾಗುತ್ತದೆ. ನಾಮರೂಪದಿಂದ ಎತ್ತಿಕೊಂಡ ಪ್ರತಿ ತಿರುವು ಹಿಂದಿನ ವಾಕ್ಯವನ್ನು ನೆಚ್ಚಿಕೊಂಡಿರುವುದೇ ಅದಕ್ಕೆ ಕಾರಣ. (1) ರಂಥ ಸಡಿಲ ಪಠ್ಯ ಅಂಥ ಸಂದರ್ಭವನ್ನು ತಾಳಿಕೊಳ್ಳುತ್ತದೆ. ಪ್ರತಿ ಸ್ಲೈಡಿನ ಮೊದಲ ವಾಕ್ಯಕ್ಕೆ, ಹಿಂದಿನದನ್ನು ನೆಚ್ಚದ ಇನ್ನೊಂದು ರೂಪವನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದು ಇದಕ್ಕೆ ಪರಿಹಾರ. ಕನ್ನಡ, ಇಂಗ್ಲಿಷ್ ಬೆರೆತ ಕಚೇರಿ ಮಾತಿನಲ್ಲಿ ‘ಅಂದ್ರೆ’ಯ ಜಾಗಕ್ಕೆ ‘ಸೋ’ ಬಂದಾಗ ಪ್ರಶ್ನೆ ತೆರೆದುಕೊಳ್ಳುತ್ತದೆಯೇ, ಮುಚ್ಚಿಕೊಳ್ಳುತ್ತದೆಯೇ ಎಂಬುದನ್ನು ಧ್ವನಿಮುದ್ರಿತ ಸಭೆಗಳ ಆಧಾರದಲ್ಲಿ ಪರಿಶೀಲಿಸಬೇಕಾಗಿದೆ. ಕೃದಂತದ ಕಾರಣಾರ್ಥವನ್ನು ಅಳೆಯಲು ಇಲ್ಲಿ ಬಳಸಿದ ಸೀಳುವಾಕ್ಯದ ಪರೀಕ್ಷೆಯನ್ನು ಕರಾವಳಿ ಮತ್ತು ಧಾರವಾಡ ಕನ್ನಡದ ಭಾಷಿಕರೊಡನೆಯೂ ನಡೆಸಿ ನೋಡುವುದು ಅಗತ್ಯ. ಇಲ್ಲಿನ ಒಪ್ಪಿತದ ತೀರ್ಮಾನಗಳು ಮೈಸೂರು, ಬೆಂಗಳೂರು ಭಾಗದ ಆಡುಗನ್ನಡಕ್ಕೆ ಸಂಬಂಧಿಸಿದವು.